ಸದ್ದಿಲ್ಲದೆ ಕೆಡುವ ಫೈಲು

ಕಂಪ್ಯೂಟರಿನೊಳಗೆ ‘ಕುರಿ’ ಹೋಗಿ ‘ಗುರಿ’ ಆಗಲು ಒಂದೇ ಒಂದು ಬಿಟ್ ತಿರುಗಿದರೆ ಸಾಕು. ಯೂನಿಕೋಡ್ ಕನ್ನಡವನ್ನು ಡಿಸ್ಕಿನ ಮೇಲೆ ಬರೆಯುವ ಯುಟಿಎಫ್-8 ಪದ್ಧತಿಯಲ್ಲಿ ‘ಕ’ಕ್ಕೆ ಮೂರು ಬೈಟುಗಳು: `E0 B2 95`. ‘ಗ’ಕ್ಕೆ `E0 B2 97`. ಕೊನೆಯ ಬೈಟಿನಲ್ಲಿ ಒಂದು ಸೊನ್ನೆ ಒಂದಾದರೆ ಅಕ್ಷರ ಬದಲಾಯಿತು. ಫೈಲಿನ ಗಾತ್ರ ಅಷ್ಟೇ ಇರುತ್ತದೆ, ತಾರೀಕು ಹಿಂದಿನದೇ ಇರುತ್ತದೆ, ತೆರೆದರೆ ಸಲೀಸಾಗಿ ತೆರೆಯುತ್ತದೆ. ಇಂಥದ್ದೇ ಒಂದು ಬಿಟ್ ಜೆಪೆಗ್ ಚಿತ್ರದಲ್ಲಿ ತಿರುಗಿದರೆ ಅಲ್ಲಿಂದ ಕೆಳಗಿನ ಭಾಗವೆಲ್ಲ ಬಣ್ಣಗೆಡಬಹುದು. ಆದರೆ ಅದನ್ನು ಯಾರಾದರೂ ತೆರೆದು ನೋಡಿದಾಗ ಮಾತ್ರ ಗೊತ್ತಾಗುತ್ತದೆ. ಸಂಗ್ರಹದಲ್ಲಿಟ್ಟ ಫೈಲನ್ನು ವರ್ಷಗಟ್ಟಲೆ ಯಾರೂ ತೆರೆಯುವುದಿಲ್ಲ.

ಡಿಸ್ಕಿಗೆ ತನ್ನದೇ ತಪ್ಪು ತಿದ್ದುವ ಏರ್ಪಾಡು ಇದೆ. ತಾನು ಓದಲಾರದ ಜಾಗ ಸಿಕ್ಕಿದರೆ ಅದು ಹಾಗೆಂದು ಹೇಳಿಬಿಡುತ್ತದೆ. ತೊಂದರೆ ಇರುವುದು ಅದು ಹೇಳದ ತಪ್ಪುಗಳಲ್ಲಿ. ಮೆಮೊರಿಯಲ್ಲೇ ಕೆಟ್ಟ ಬೈಟು ಡಿಸ್ಕಿಗೆ ಬಂದರೆ ಡಿಸ್ಕು ಆ ಕೆಟ್ಟದ್ದನ್ನೇ ಜೋಪಾನವಾಗಿ ಇಟ್ಟುಕೊಳ್ಳುತ್ತದೆ. ನಿಯಂತ್ರಕ ಫರ್ಮ್‌ವೇರಿನಲ್ಲಿ ದೋಷವಿದ್ದರೆ ಒಂದು ಕಡೆ ಹೋಗಬೇಕಾದ ಬರಹ ಇನ್ನೊಂದು ಕಡೆ ಹೋಗಿ ಕೂರುತ್ತದೆ, ಇಲ್ಲವೇ ಬರೆಯದೆಯೇ ‘ಬರೆದಾಯಿತು’ ಎಂಬ ಉತ್ತರ ಬರುತ್ತದೆ.

ಇದು ಎಷ್ಟು ಸಾಮಾನ್ಯ ಎಂಬುದನ್ನು 2007ರಲ್ಲಿ ಜಿನೀವಾ ಬಳಿಯ ಸರ್ನ್ ಪ್ರಯೋಗಾಲಯ ಅಳೆದು ನೋಡಿತು. ಗೊತ್ತಿರುವ ವಿನ್ಯಾಸದ ಒಂದು ಫೈಲನ್ನು ಬರೆಯುವುದು, ಮತ್ತೆ ಓದಿ ಹೋಲಿಸುವುದು, ಇಷ್ಟೇ ಕೆಲಸದ ಸಣ್ಣ ಪ್ರೋಗ್ರಾಮನ್ನು ಸುಮಾರು 3000 ಯಂತ್ರಗಳಲ್ಲಿ ಓಡಿಸಿದರು. ಐದು ವಾರಗಳಲ್ಲಿ ಸುಮಾರು 100 ಯಂತ್ರಗಳಲ್ಲಿ 500ರಷ್ಟು ತಪ್ಪುಗಳು ಸಿಕ್ಕವು. ಅವುಗಳಲ್ಲಿ ನೂರಕ್ಕೆ ಎಂಬತ್ತು ಒಂದೇ ಬಗೆಯವು: 64 ಕಿಲೋಬೈಟಿನ ಇಡೀ ತುಂಡೇ ಕೆಟ್ಟಿತ್ತು. ಅದಕ್ಕೆ ಕಾರಣ ಡಿಸ್ಕಿನ ಫರ್ಮ್‌ವೇರಿಗೂ ನಿಯಂತ್ರಕ ಕಾರ್ಡಿಗೂ ಇದ್ದ ಹೊಂದಾಣಿಕೆಯ ಕೊರತೆ. ಬಳಕೆದಾರರ 33,700 ಫೈಲುಗಳನ್ನು ಚೆಕ್‌ಸಮ್ ಹಿಡಿದು ನೋಡಿದಾಗ 22 ಕೆಟ್ಟಿದ್ದವು, ಅಂದರೆ ಸುಮಾರು 1500ಕ್ಕೆ ಒಂದು. 

ಚೆಕ್‌ಸಮ್ ಎಂದರೆ ಫೈಲಿನ ಎಲ್ಲ ಬೈಟುಗಳನ್ನೂ ಒಂದು ಲೆಕ್ಕಕ್ಕೆ ಹಾಕಿ ತೆಗೆದ ಸಣ್ಣ ಗುರುತು. ಈಗ ಹೆಚ್ಚಾಗಿ ಬಳಸುವ ಎಸ್‌ಎಚ್‌ಎ-256 ಪದ್ಧತಿಯಲ್ಲಿ ಅದು 64 ಅಕ್ಷರಗಳ ಸಾಲು. ಒಂದು ಬಿಟ್ ಬದಲಾದರೂ ಇಡೀ ಸಾಲು ಗುರುತೇ ಸಿಗದಷ್ಟು ಬೇರೆಯಾಗುತ್ತದೆ. ಫೈಲು ಸಂಗ್ರಹಕ್ಕೆ ಬಂದ ದಿನ ಈ ಸಾಲನ್ನು ಬರೆದಿಟ್ಟುಕೊಂಡು, ಆಮೇಲೆ ನಿಗದಿತ ಅವಧಿಗೊಮ್ಮೆ ಎಲ್ಲ ಫೈಲುಗಳನ್ನೂ ಮೊದಲಿಂದ ಕೊನೆಯವರೆಗೆ ಓದಿ, ಲೆಕ್ಕ ಹಾಕಿ, ಹಳೆಯ ಸಾಲಿನ ಜೊತೆ ಹೋಲಿಸುವುದಕ್ಕೆ ಸ್ಕ್ರಬ್ ಎನ್ನುತ್ತಾರೆ.

ಒಂದು ಊರಿನ ಗ್ರಂಥಾಲಯ ಹಳೆಯ ಕನ್ನಡ ಪುಸ್ತಕಗಳನ್ನು ಸ್ಕ್ಯಾನ್ ಮಾಡಿ ಎರಡು ಡಿಸ್ಕುಗಳಲ್ಲಿ ಇಟ್ಟಿದೆ ಎಂದುಕೊಳ್ಳೋಣ. ಒಂದು ಗ್ರಂಥಾಲಯದಲ್ಲೇ ಇದೆ, ಇನ್ನೊಂದು ಬೇರೆ ಕಟ್ಟಡದಲ್ಲಿ. ಪ್ರತಿ ಪುಸ್ತಕದ ಫೋಲ್ಡರಿನಲ್ಲಿ ಪುಟಗಳ ಚೆಕ್‌ಸಮ್ ಪಟ್ಟಿ ಇದೆ. ಸ್ಕ್ರಬ್ ದಿನ ಫೋಲ್ಡರಿನಲ್ಲಿ ನಿಂತು ಕೊಡುವ ಆದೇಶ ಇಷ್ಟೇ:

```
sha256sum -c --quiet manifest-sha256.txt
```

ಎಲ್ಲ ಸರಿಯಿದ್ದರೆ ಏನೂ ಬರುವುದಿಲ್ಲ. ಇವತ್ತು ಹೀಗೆ ಬಂತು:

```
data/0417.tif: FAILED
sha256sum: WARNING: 1 computed checksum did NOT match
```

ಕೂಡಲೇ ಇನ್ನೊಂದು ಡಿಸ್ಕಿನಿಂದ ನಕಲು ತಂದು ಹಾಕುವ ಅವಸರ ಬೇಡ. ಫೈಲು ಸರಿಯಾಗಿಯೇ ಇದ್ದು, ಓದುವಾಗ ಮೆಮೊರಿ ಅಥವಾ ಕೇಬಲ್ ಕೈಕೊಟ್ಟಿರಬಹುದು. ಆದ್ದರಿಂದ ಮತ್ತೊಮ್ಮೆ ಓದಿಸಬೇಕು. ಆದರೆ ಈಗಷ್ಟೇ ಓದಿದ ಫೈಲನ್ನು ಕಂಪ್ಯೂಟರು ತನ್ನ ಮೆಮೊರಿಯಲ್ಲೇ ಇಟ್ಟುಕೊಂಡು ಅಲ್ಲಿಂದಲೇ ಕೊಡುತ್ತದೆ. ಡಿಸ್ಕನ್ನು ಒಮ್ಮೆ ಅನ್‌ಮೌಂಟ್ ಮಾಡಿ ಮತ್ತೆ ಮೌಂಟ್ ಮಾಡಿದರೆ ಮಾತ್ರ ನಿಜಕ್ಕೂ ಡಿಸ್ಕಿನಿಂದ ಓದಿದಂತೆ. ಎರಡನೇ ಸಲವೂ ತಪ್ಪು ಬಂದರೆ ತಾರೀಕು ನೋಡಬೇಕು. ಯಾರೋ ಪುಟವನ್ನು ತಿರುಗಿಸಿ ಉಳಿಸಿದ್ದರೂ ಚೆಕ್‌ಸಮ್ ಕೂಡುವುದಿಲ್ಲ, ಆದರೆ ಆಗ ತಾರೀಕೂ ಬದಲಾಗಿರುತ್ತದೆ. ಇಲ್ಲಿ ತಾರೀಕು ಹಳೆಯದೇ.

ಇನ್ನು ಎರಡನೇ ಡಿಸ್ಕಿನ 0417ನೇ ಪುಟದ ಸರದಿ. ಅದನ್ನು ಹೋಲಿಸಬೇಕಾದ್ದು ಮೊದಲನೆಯದರ ಜೊತೆ ಅಲ್ಲ, ಪಟ್ಟಿಯ ಜೊತೆ. ಎರಡು ಪ್ರತಿಗಳು ಬೇರೆ ಬೇರೆ ಇವೆ ಎಂದಷ್ಟೇ ಗೊತ್ತಾದರೆ ಯಾವುದು ಸರಿ ಎಂದು ಹೇಳಲಾಗದು. ಆ ತೀರ್ಮಾನ ಕೊಡುವುದು ಮೊದಲ ದಿನ ಬರೆದಿಟ್ಟ ಸಾಲು. ಎರಡನೇ ಪ್ರತಿ ಕೂಡಿಬಂದರೆ ಅದನ್ನು ಬೇರೆ ಹೆಸರಿನಲ್ಲಿ ನಕಲು ಮಾಡಿ, ಆ ನಕಲಿನ ಚೆಕ್‌ಸಮ್ ಮತ್ತೆ ನೋಡಿ, ಆಮೇಲಷ್ಟೇ ಹಳೆಯದರ ಜಾಗಕ್ಕೆ ತರಬೇಕು. ಅಕಸ್ಮಾತ್ ಎರಡೂ ಪ್ರತಿಗಳು ಒಂದೇ ಆಗಿದ್ದು ಪಟ್ಟಿಗೆ ಮಾತ್ರ ಹೊಂದದಿದ್ದರೆ ಪಟ್ಟಿಯೇ ಕೆಟ್ಟಿರಬಹುದು. ಅದಕ್ಕೇ ಪಟ್ಟಿಯ ಪ್ರತಿಗಳೂ ಹಲವು ಕಡೆ ಇರಬೇಕು.

ಕೆಟ್ಟ ಫೈಲನ್ನು ಎಸೆಯಬಾರದು. `cmp -l` ಆದೇಶ ಕೆಟ್ಟದ್ದಕ್ಕೂ ಒಳ್ಳೆಯದಕ್ಕೂ ಎಲ್ಲೆಲ್ಲಿ ಭೇದವಿದೆ ಎಂದು ಬೈಟ್ ಬೈಟಾಗಿ ತೋರಿಸುತ್ತದೆ. ಒಂದೇ ಬೈಟು ಬೇರೆಯಿದ್ದರೆ ಮೆಮೊರಿಯ ಮೇಲೆ ಅನುಮಾನ ಪಡಬೇಕು. 4096 ಅಥವಾ 65,536 ಬೈಟಿನ ತುಂಡು ಪೂರ್ತಿ ಹಾಳಾಗಿದ್ದರೆ ಡಿಸ್ಕು, ನಿಯಂತ್ರಕಗಳ ಕಡೆ ನೋಡಬೇಕು. ಸರ್ನ್‌ನವರು ತಪ್ಪುಗಳನ್ನು ವಿಂಗಡಿಸಿದ್ದೂ ಕೆಡುಕಿನ ಅಳತೆಯ ಮೇಲೆಯೇ.

ಇಷ್ಟು ಶ್ರಮ ಯಾಕೆ, ವಾರಕ್ಕೊಮ್ಮೆ ಬ್ಯಾಕಪ್ ತೆಗೆಯುತ್ತೇವಲ್ಲ ಎಂದು ಕೇಳುವವರಿದ್ದಾರೆ. ನನ್ನ ಮಟ್ಟಿಗೆ ಸಂಗ್ರಹ ನೋಡಿಕೊಳ್ಳುವವರು ಮೊದಲು ತಿಳಿಯಬೇಕಾದ್ದು ಇದನ್ನೇ. ಬ್ಯಾಕಪ್ಪಿಗೆ ಎಲ್ಲರೂ ಬಳಸುವ `rsync` ಸಾಮಾನ್ಯವಾಗಿ ಗಾತ್ರ ಮತ್ತು ತಾರೀಕು ಮಾತ್ರ ನೋಡುತ್ತದೆ. ಸದ್ದಿಲ್ಲದೆ ಕೆಟ್ಟ ಫೈಲಿನಲ್ಲಿ ಅವೆರಡೂ ಬದಲಾಗಿಲ್ಲ, ಹಾಗಾಗಿ ಅದು ಮುಂದೆ ಹೋಗುತ್ತದೆ. ಪುಣ್ಯಕ್ಕೆ ಎರಡನೇ ಪ್ರತಿ ಉಳಿಯುತ್ತದೆ, ಆದರೆ ಕೆಟ್ಟದ್ದೂ ಕೆಟ್ಟೇ ಇರುತ್ತದೆ. ಜಾಗ್ರತೆಯೆಂದು ಯಾರಾದರೂ `--checksum` ಸೇರಿಸಿದರೆ ಅನಾಹುತ. ಈಗ ಅದು ಭೇದವನ್ನು ಕಂಡುಹಿಡಿಯುತ್ತದೆ, ಮೂಲದಲ್ಲಿ ಇರುವುದೇ ಸರಿ ಎಂದು ನಂಬಿ ಒಳ್ಳೆಯ ಪ್ರತಿಯ ಮೇಲೆ ಕೆಟ್ಟದ್ದನ್ನು ಬರೆದುಬಿಡುತ್ತದೆ. ಆದ್ದರಿಂದ ಸ್ಕ್ರಬ್ ಮೊದಲು, ಬ್ಯಾಕಪ್ ಆಮೇಲೆ. ಹಳೆಯ ಡಿಸ್ಕನ್ನು ಬಿಟ್ಟು ಹೊಸದಕ್ಕೆ ಹೋಗುವಾಗಲಂತೂ ಈ ಕ್ರಮ ತಪ್ಪಬಾರದು.

ಎಷ್ಟು ದಿನಕ್ಕೊಮ್ಮೆ ಓದಿಸಬೇಕು? 4 ಟೆರಾಬೈಟ್ ಡಿಸ್ಕನ್ನು ಸೆಕೆಂಡಿಗೆ 150 ಮೆಗಾಬೈಟಿನಂತೆ ಓದಿದರೆ ಸುಮಾರು ಏಳೂವರೆ ಗಂಟೆ ಬೇಕು, ಒಂದು ರಾತ್ರಿಯ ಕೆಲಸ. ಎರಡೇ ಪ್ರತಿಗಳಿದ್ದರೆ ತಿಂಗಳಿಗೊಮ್ಮೆ ಓದಿಸುವುದು ಒಳ್ಳೆಯದು ಎಂಬುದು ನನ್ನ ಅಭಿಪ್ರಾಯ. ಒಂದು ಪ್ರತಿ ಕೆಟ್ಟ ದಿನದಿಂದ ಅದು ಗೊತ್ತಾಗುವ ದಿನದವರೆಗೆ ಆ ಪುಟಕ್ಕೆ ಇರುವುದು ಒಂದೇ ಆಸರೆ, ಆ ಅವಧಿಯನ್ನು ಸ್ಕ್ರಬ್ ಮೊಟಕು ಮಾಡುತ್ತದೆ. ಬೇರೆ ಕಟ್ಟಡದ ಡಿಸ್ಕನ್ನೂ ಹಾಗೆಯೇ ಓದಿಸಬೇಕು. ಬೀರುವಿನಲ್ಲಿಟ್ಟ ಡಿಸ್ಕು ಸರಿಯಾಗಿದೆ ಎನ್ನುವುದು ಬರೀ ಊಹೆ. ಜೆಡ್‌ಎಫ್‌ಎಸ್‌ನಂಥ ಫೈಲ್ ವ್ಯವಸ್ಥೆಗಳಲ್ಲಿ ಚೆಕ್‌ಸಮ್ಮನ್ನು ವ್ಯವಸ್ಥೆಯೇ ಇಟ್ಟುಕೊಂಡಿರುತ್ತದೆ. `zpool scrub` ಎಂದರೆ ಓದಿ, ಹೋಲಿಸಿ, ಜೋಡಿ ಡಿಸ್ಕಿನಿಂದ ರಿಪೇರಿಯನ್ನೂ ಮಾಡುತ್ತದೆ. ಆದರೆ ಇಡೀ ಯಂತ್ರವೇ ಸುಟ್ಟುಹೋದರೆ ಜೋಡಿಯೂ ಅದರ ಜೊತೆಗೇ ಹೋಗುತ್ತದೆ.

ಚೆಕ್‌ಸಮ್ ಕಾಯುವುದು ತಾನು ಹುಟ್ಟಿದ ಕ್ಷಣದಿಂದ ಮಾತ್ರ. ಸ್ಕ್ಯಾನರಿನ ಕಂಪ್ಯೂಟರಿನಿಂದ ಪೆನ್‌ಡ್ರೈವಿಗೆ, ಅಲ್ಲಿಂದ ಸರ್ವರಿಗೆ ಬಂದ ಮೇಲೆ ಲೆಕ್ಕ ಹಾಕಿದರೆ ದಾರಿಯಲ್ಲಿ ಕೆಟ್ಟ ಪುಟಕ್ಕೂ ‘ಸರಿಯಿದೆ’ ಎಂಬ ಮುದ್ರೆ ಬೀಳುತ್ತದೆ, ಆಮೇಲೆ ಎಷ್ಟು ಸಲ ಸ್ಕ್ರಬ್ ಮಾಡಿದರೂ ಅದೇ ಉತ್ತರ. ಪಟ್ಟಿ ತಯಾರಾಗಬೇಕಾದ್ದು ಸ್ಕ್ಯಾನರಿಗೆ ಜೋಡಿಸಿದ ಕಂಪ್ಯೂಟರಿನಲ್ಲಿ, ಪುಟಗಳನ್ನು ಕಣ್ಣಾರೆ ನೋಡಿ ಸರಿಯಿದೆ ಎಂದು ಒಪ್ಪಿಕೊಂಡ ಮರುಗಳಿಗೆಯಲ್ಲಿ.