ಪಾರ್ಲರ್ ಕೋಟು ಹೊಲಿಸುವ ಮುನ್ನ

ಬ್ಯೂಟಿ ಪಾರ್ಲರ್‌ನ ಹುಡುಗಿಯರಿಗೆ ಸಮವಸ್ತ್ರ ಹೊಲಿಸಬೇಕೆಂದಾಗ ಮೊದಲು ನೆನಪಾಗುವುದು ಕಪ್ಪು ಬಣ್ಣ. ಹೇರ್ ಡೈ ಬಿದ್ದರೂ ಕಾಣುವುದಿಲ್ಲವಲ್ಲ! ಆದರೆ ಮುಖಕ್ಕೆ ಹಚ್ಚುವ ಬ್ಲೀಚ್‌ನಲ್ಲಿ, ಡೈಗೆ ಬೆರೆಸುವ ಡೆವಲಪರ್‌ನಲ್ಲಿ ಹೈಡ್ರೋಜನ್ ಪೆರಾಕ್ಸೈಡ್ ಇರುತ್ತದೆ. ಅದು ಕಪ್ಪು ಕಾಟನ್ ಮೇಲೆ ಸಿಡಿದರೆ ಕೆಂಗಂದು ಚುಕ್ಕೆ ಏಳಬಹುದು. ಅದು ಒಗೆದರೆ ಹೋಗುವ ಕಲೆಯಲ್ಲ, ಬಟ್ಟೆಯ ಬಣ್ಣವೇ ಅಲ್ಲಿ ಹೋಗಿರುತ್ತದೆ. ತಿಳಿ ಬಣ್ಣದ ಬಟ್ಟೆಯಾದರೆ ಡೈ ಕಲೆ ಉಳಿದುಬಿಡುತ್ತದೆ.

ನನ್ನ ಆಯ್ಕೆ ಕಾಫಿ ಬಣ್ಣದಂಥ ಮಧ್ಯಮ ಗಾಢತೆಯ ಟೆರಿಕಾಟ್. 65 ಪಾಲು ಪಾಲಿಯೆಸ್ಟರ್, 35 ಪಾಲು ಕಾಟನ್ ಇರುವ ಬಟ್ಟೆ ಸಮವಸ್ತ್ರಕ್ಕೆ ಒಗ್ಗುತ್ತದೆ. ಇಸ್ತ್ರಿ ನಿಲ್ಲುತ್ತದೆ, ಬೇಗ ಒಣಗುತ್ತದೆ. ಪೂರ್ತಿ ಪಾಲಿಯೆಸ್ಟರ್ ಬೇಡ. ಸ್ಟೀಮರ್ ಪಕ್ಕದಲ್ಲಿ ಬೆವರು ಕಿತ್ತುಬರುತ್ತದೆ, ಕೂದಲು ನೇರ ಮಾಡುವ ಬಿಸಿ ಯಂತ್ರ ತಗುಲಿದರೆ ಹಾಳಾಗುತ್ತದೆ. ಅಂಗಡಿಯಿಂದ ಮೊದಲು ತುಂಡು ಬಟ್ಟೆ ತಂದು, ಕಲಸಿದ ಬ್ಲೀಚ್ ಒಂದು ಕಡೆ, ಡೈ ಇನ್ನೊಂದು ಕಡೆ ಹಚ್ಚಿ, ಅರ್ಧ ಗಂಟೆ ಬಿಟ್ಟು ಒಗೆದು ನೋಡಿ. ಒಣಗಿದ ಮೇಲೆ ಬಿಸಿಲಿನಲ್ಲಿ ಹಿಡಿದಾಗ ಯಾವ ಕಲೆ ಎಷ್ಟು ಉಳಿದಿದೆ ಎಂಬುದು ಗೊತ್ತಾಗುತ್ತದೆ.

ನಾಲ್ವರು ಕೆಲಸಗಾರರಿದ್ದಾರೆ ಎಂದಿಟ್ಟುಕೊಳ್ಳೋಣ. ತಲಾ ಎರಡು ಕೋಟು, ಮೇಲೆ ಎರಡು ಹೆಚ್ಚಿಗೆ, ಒಟ್ಟು 10. 58 ಇಂಚು ಪನ್ನದ ಬಟ್ಟೆಯಾದರೆ ಕೋಟಿಗೆ ಸುಮಾರು ಒಂದೂವರೆ ಮೀಟರ್‌ನಂತೆ 15 ಮೀಟರ್. ಇಷ್ಟನ್ನೂ ಒಂದೇ ಥಾನಿನಿಂದ ಕತ್ತರಿಸಿ ಕೊಡಲು ಹೇಳಿ. ಅದೇ ಕಂಪನಿಯ ಅದೇ ಬಣ್ಣವಾದರೂ ಥಾನಿನಿಂದ ಥಾನಿಗೆ ಛಾಯೆ ಬದಲಾಗುವುದುಂಟು, ಪಕ್ಕಪಕ್ಕ ನಿಂತಾಗಲೇ ಅದು ಎದ್ದು ಕಾಣುತ್ತದೆ. ಉಳಿದ ಬಟ್ಟೆಯನ್ನು ಬೀರುವಿನಲ್ಲಿ ಇಟ್ಟು ವರ್ಷದ ನಂತರ ಹೊಲಿಸಿದರೂ ಇದೇ ತೊಂದರೆ, ಹಳೆಯವು ಅಷ್ಟರಲ್ಲಿ ಒಗೆತಕ್ಕೆ ಮಾಸಿರುತ್ತವೆ. ಅದಕ್ಕೇ ಆ ಎರಡು ಕೋಟುಗಳನ್ನೂ ಈಗಲೇ ದೊಡ್ಡ ಅಳತೆಗೆ, ಪಕ್ಕದಲ್ಲಿ ಹೊಲಿಗೆ ಬಿಟ್ಟು ಹೊಲಿಸಿ, ಉಳಿದವುಗಳ ಜತೆಗೇ ಉಟ್ಟು ಒಗೆಯುತ್ತಿರಬೇಕು. ಹೊಸಬರು ಬಂದಾಗ ಅಳತೆಗೆ ತಕ್ಕಂತೆ ಹಿಡಿಸಿಕೊಟ್ಟರಾಯಿತು.

ಕೈತೋಳು ಮೊಣಕೈವರೆಗೆ ಸಾಕು. ಉದ್ದ ತೋಳು ಡೈ ಬಟ್ಟಲಿಗೆ ಅದ್ದುತ್ತದೆ. ಬಗ್ಗಿ ಥ್ರೆಡಿಂಗ್ ಮಾಡುವಾಗ ಮುಜುಗರವಾಗದಂತೆ ಕೊರಳು ಮುಚ್ಚಿರಲಿ.

ಹೆಸರಿನ ಬಿಲ್ಲೆಯ ವಿಷಯದಲ್ಲಿ ಎಚ್ಚರ ಬೇಕು. ಪಿನ್ನಿನ ಬಿಲ್ಲೆಗೆ ಗಿರಾಕಿಯ ಕೂದಲು ಸಿಕ್ಕಿಕೊಳ್ಳುತ್ತದೆ. ಮ್ಯಾಗ್ನೆಟ್ ಬಿಲ್ಲೆಗೆ ಆ ತೊಂದರೆ ಕಡಿಮೆ. ಆದರೆ ಹೃದಯಕ್ಕೆ ಪೇಸ್‌ಮೇಕರ್ ಇಟ್ಟವರಿಂದ ಮ್ಯಾಗ್ನೆಟ್ಟನ್ನು ಕನಿಷ್ಠ 15 ಸೆಂಟಿಮೀಟರ್ ದೂರ ಇಡಬೇಕು, ಫೇಶಿಯಲ್ ಮಾಡುವಾಗ ಎದೆಯ ಮೇಲೆಯೇ ಬಗ್ಗಿರುತ್ತೇವೆ. ಹಾಗಾಗಿ ಬಟ್ಟೆಯ ಪಟ್ಟಿಯ ಮೇಲೆ ಹೆಸರನ್ನು ಕಸೂತಿ ಮಾಡಿಸಿ, ಎಡ ಎದೆಗೆ ಕೈಹೊಲಿಗೆಯಲ್ಲಿ ಕೂಡಿಸುವುದು ಒಳ್ಳೆಯದು. ಕೆಲಸ ಬಿಟ್ಟು ಹೋದರೆ ಪಟ್ಟಿ ಬಿಚ್ಚಿ ಕೋಟನ್ನು ಇನ್ನೊಬ್ಬರಿಗೆ ಕೊಡಬಹುದು.

ಕನ್ನಡದ ಅಕ್ಷರ ಅರ್ಧ ಇಂಚಿಗಿಂತ ಚಿಕ್ಕದಾದರೆ ಯಂತ್ರದ ಕಸೂತಿಯಲ್ಲಿ ಸುರುಳಿಗಳು ಮುಚ್ಚಿಹೋಗುವ ಸಂಭವ ಹೆಚ್ಚು. ‘ಪ್ರಜ್ವಲಾ’ದಂಥ ಹೆಸರಿಗೆ ಕೆಳಗೆ ಒತ್ತಕ್ಷರಕ್ಕೂ ಜಾಗ ಬಿಡಬೇಕು. ಎಲ್ಲರ ಪಟ್ಟಿಯನ್ನೂ ಅತಿ ಉದ್ದದ ಹೆಸರಿನ ಅಳತೆಗೇ ಮಾಡಿಸಿ, ಒಬ್ಬೊಬ್ಬರದು ಒಂದೊಂದು ಅಳತೆ ಆಗಬಾರದು. ಕುರ್ಚಿಯಲ್ಲಿ ಕೂತ ಗಿರಾಕಿಗೆ ಕನ್ನಡಿಯಲ್ಲಿ ಅಕ್ಷರ ತಿರುಗಿ ಕಾಣುತ್ತದೆ, ಅವರು ಹೆಸರು ಓದುವುದು ಬಾಗಿಲಲ್ಲಿ ಎದುರಾದಾಗ ಮಾತ್ರ. ಆದ್ದರಿಂದ ಪಾರ್ಲರ್ ಹೆಸರು, ಹುದ್ದೆ ಎಲ್ಲ ಪಟ್ಟಿಯಲ್ಲಿ ತುರುಕದೆ ಕರೆಯುವ ಹೆಸರೊಂದನ್ನೇ ಬರೆಸಿ.