ಕಸಾಂಡ್ರ ಹೇಳಿದ್ದು, ಮುದುಕರು ಕೇಳಿದ್ದು

ಟ್ರಾಯ್ ನಗರದ ಅರಸ ಪ್ರಿಯಾಮನ ಮಗಳು ಕಸಾಂಡ್ರ. ಅವಳಿಗೆ ಮನಸೋತ ಅಪೊಲೊ ದೇವರು ಮುಂದಾಗುವುದನ್ನು ಕಾಣುವ ಶಕ್ತಿ ಕೊಟ್ಟ. ಒಲಿಯುತ್ತೇನೆಂದವಳು ಆಮೇಲೆ ಒಲ್ಲೆನೆಂದಳು. ಸಿಟ್ಟಾದ ದೇವರು ವರವನ್ನು ಅವಳಲ್ಲೇ ಉಳಿಸಿ, ಅವಳ ಮಾತನ್ನು ಯಾರೂ ನಂಬದಂತೆ ಮಾಡಿದ. ಮರದ ಕುದುರೆಯನ್ನು ಊರೊಳಗೆ ತಂದಾಗ ಅವಳು ಕೊಟ್ಟ ಎಚ್ಚರಿಕೆ ವ್ಯರ್ಥವಾದದ್ದು ಎಲ್ಲರೂ ಬಲ್ಲ ಕತೆ.

ಹೋಮರನ ಇಲಿಯಡ್‌ನಲ್ಲಿ ಈ ಶಾಪದ ಸುದ್ದಿಯೇ ಇಲ್ಲ. ಅಣ್ಣ ಹೆಕ್ಟರನ ಹೆಣ ಹೊತ್ತ ಗಾಡಿ ಬರುವುದನ್ನು ಎತ್ತರದಲ್ಲಿ ನಿಂತು ಮೊದಲು ಕಂಡವಳು ಅವಳು. ಅವಳ ಕೂಗಿಗೆ ಊರೆಲ್ಲ ಓಡಿಬರುತ್ತದೆ. ಕೂಗಿದರೂ ಯಾರೂ ಏಳದ ಕಸಾಂಡ್ರಳನ್ನು ಕಣ್ಣೆದುರು ನಿಲ್ಲಿಸಿದವನು ಈಸ್ಕಿಲಸ್, ಬಿ.ಎಂ.ಶ್ರೀ. ಅವರ ‘ಪಾರಸಿಕರು’ ಮೂಲಕ ನಾವು ಬಲ್ಲ ನಾಟಕಕಾರ. ಕ್ರಿ.ಪೂ. 458ರಲ್ಲಿ ಅಥೆನ್ಸಿನಲ್ಲಿ ಆಡಿದ ‘ಅಗಮೆಮ್ನಾನ್’ ನಾಟಕದ ಆ ದೃಶ್ಯವನ್ನು ಓದಿದಾಗಲೆಲ್ಲ ನನಗೆ ಉಸಿರು ಕಟ್ಟುತ್ತದೆ.

ಯುದ್ಧ ಗೆದ್ದ ಅಗಮೆಮ್ನಾನ್ ಅವಳನ್ನು ದಾಸಿಯಾಗಿ ಊರಿಗೆ ತಂದಿದ್ದಾನೆ. ಒಳಗೆ ಅವನ ಹೆಂಡತಿ ಕ್ಲೈಟೆಮ್ನೆಸ್ಟ್ರ ಕೊಲೆಗೆ ಸಜ್ಜಾಗಿದ್ದಾಳೆ. ರಥದಲ್ಲಿ ಕೂತ ಕಸಾಂಡ್ರ ಬಹಳ ಹೊತ್ತು ಬಾಯಿಬಿಡುವುದಿಲ್ಲ. ಇವಳಿಗೆ ಭಾಷೆ ಬಾರದೇನೋ ಎಂದುಕೊಳ್ಳುತ್ತಾರೆ. ಕೊನೆಗೆ ಅಪೊಲೊನ ಹೆಸರು ಹಿಡಿದು ಚೀರುತ್ತಾಳೆ. ಗ್ರೀಕಿನಲ್ಲಿ ಆ ಹೆಸರಿಗೂ ‘ಹಾಳುಮಾಡುವವನು’ ಎಂಬ ಮಾತಿಗೂ ಒಂದೇ ಉಲಿ.

ಮೊದಲು ಅವಳು ಆ ಮನೆಯ ಹಳೆಯ ಪಾಪವನ್ನು ಹೇಳುತ್ತಾಳೆ: ಅಗಮೆಮ್ನಾನನ ತಂದೆ ತನ್ನ ತಮ್ಮನ ಮಕ್ಕಳನ್ನು ಕೊಂದು, ಆ ಮಾಂಸವನ್ನು ತಮ್ಮನಿಗೇ ಬಡಿಸಿದ್ದು. ಮೇಳದ ಮುದುಕರು ಬೆರಗಾಗುತ್ತಾರೆ. ದೂರದೂರಿನ ಈ ಹೆಣ್ಣಿಗೆ ಹೇಗೆ ಗೊತ್ತಾಯಿತು? ಅವಳ ಮಾತು ನಿಜವೆಂದೂ ಒಪ್ಪುತ್ತಾರೆ. ಅಂದರೆ ನಂಬಿಕೆ ಹುಟ್ಟಿದೆ! ಆದರೆ ಮಾತು ನಾಳೆಯತ್ತ ತಿರುಗಿದೊಡನೆ ಅವರಿಗೆ ಜಾಡು ತಪ್ಪುತ್ತದೆ. ಹೆಣ್ಣೊಬ್ಬಳು ಗಂಡನನ್ನು ಕೊಲ್ಲುತ್ತಾಳೆಂದು ಅವಳು ಬಿಡಿಸಿ ಹೇಳಿ, ಅಗಮೆಮ್ನಾನನ ಹೆಸರನ್ನೂ ಎತ್ತಿದ ಮೇಲೆ, ಅವರು ಕೇಳುವುದೇನು? ಈ ಕೆಲಸಕ್ಕೆ ಕೈಹಾಕುವ ಗಂಡಸು ಯಾರು ಎಂದು. ತಾನು ಚೆನ್ನಾಗಿಯೇ ಗ್ರೀಕ್ ಆಡುತ್ತಿದ್ದೇನಲ್ಲ ಎಂದು ಅವಳು ಕಂಗೆಡುತ್ತಾಳೆ. ದೇವರ ಶಾಪ ಇಲ್ಲಿ ಮಂತ್ರವಾಗಿ ಬಂದಿಲ್ಲವೆಂದೇ ನನಗನ್ನಿಸುತ್ತದೆ. ರಾಣಿ ಕೊಲ್ಲಬಲ್ಲಳು ಎಂಬ ಮಾತಿಗೆ ಆ ಮುದುಕರ ತಲೆಯಲ್ಲಿ ಜಾಗವೇ ಇಲ್ಲ.

ಅವಳು ಕೈಯ ಕೋಲನ್ನೂ ಕೊರಳ ಹಾರವನ್ನೂ ಕಿತ್ತೆಸೆಯುತ್ತಾಳೆ. ತನ್ನ ಸಾವೂ ಒಳಗಿದೆಯೆಂದು ಬಲ್ಲಳು. ಬಾಗಿಲ ಬಳಿ ಹೋದವಳು ರಕ್ತದ ವಾಸನೆಗೆ ಹಿಂದೆ ಸರಿಯುತ್ತಾಳೆ. ಹೋಮದ ಪಶುವಿನ ವಾಸನೆಯಿರಬೇಕು ಎಂದು ಮುದುಕರು ಸಮಾಧಾನ ಹೇಳುತ್ತಾರೆ. ಅವಳು ಒಳಗೆ ಹೋಗುತ್ತಾಳೆ.

ಸ್ವಲ್ಪ ಹೊತ್ತಿಗೆ ಅಗಮೆಮ್ನಾನನ ಕೂಗು ಕೇಳುತ್ತದೆ, ಎರಡು ಸಲ. ಆಗಲೂ ಮುದುಕರು ಒಬ್ಬೊಬ್ಬರಾಗಿ ಅಭಿಪ್ರಾಯ ಹೇಳುತ್ತಾರೆ. ಜನರನ್ನು ಕರೆಯೋಣವೆಂದು ಒಬ್ಬ, ಒಳಗೆ ನುಗ್ಗೋಣವೆಂದು ಒಬ್ಬ, ಬರಿಯ ಕೂಗು ಕೇಳಿ ಸತ್ತನೆನ್ನುವುದು ಹೇಗೆಂದು ಇನ್ನೊಬ್ಬ. ಮೊದಲು ಖಚಿತ ಮಾಡಿಕೊಳ್ಳೋಣವೆಂದು ತೀರ್ಮಾನವಾಗುವ ಹೊತ್ತಿಗೆ ಬಾಗಿಲು ತೆರೆಯುತ್ತದೆ. ಎರಡು ಹೆಣಗಳ ಪಕ್ಕದಲ್ಲಿ ರಾಣಿ ನಿಂತಿದ್ದಾಳೆ.