ಎಷ್ಟು ಮಕ್ಕಳ ಕೈಗೆ ಅವರದೇ ಪುಸ್ತಕ?

ಉಕ್ತಲೇಖನ ಮುಗಿಯಿತು. ಮೇಷ್ಟ್ರು ನಲವತ್ತು ಮಕ್ಕಳ ನೋಟ್‌ಬುಕ್ಕುಗಳನ್ನು ಒಟ್ಟುಮಾಡಿ, ಚೆನ್ನಾಗಿ ಕಲಸಿ, ಹೆಸರು ನೋಡದೆ ತಿದ್ದಲು ಹಂಚುತ್ತಾರೆ. ಸರಾಸರಿ ಎಷ್ಟು ಮಕ್ಕಳಿಗೆ ಅವರದೇ ಪುಸ್ತಕ ಸಿಗುತ್ತದೆ? ಒಬ್ಬರಿಗೆ. ತರಗತಿಯಲ್ಲಿ ನಾಲ್ವರಿದ್ದರೂ ನಾನೂರು ಜನರಿದ್ದರೂ ಉತ್ತರ ಒಂದೇ. ಮೊದಲ ಸಲ ಕೇಳಿದಾಗ ನಾನಿದನ್ನು ನಂಬಿರಲಿಲ್ಲ; ಹಾಳೆಯ ಮೇಲೆ ಬರೆದು ನೋಡಿದೆ.

ರವಿ, ಗೀತಾ, ಸಲ್ಮಾ, ಮಂಜ ಎಂದು ನಾಲ್ವರನ್ನು ಇಟ್ಟುಕೊಳ್ಳಿ. ನಾಲ್ಕು ಪುಸ್ತಕಗಳನ್ನು 24 ಬಗೆಯಲ್ಲಿ ಹಂಚಬಹುದು. ಒಂದೊಂದು ಬಗೆಗೆ ಒಂದು ಅಡ್ಡಸಾಲು, ಒಬ್ಬೊಬ್ಬರಿಗೆ ಒಂದು ಕಂಬಸಾಲು ಎಳೆಯಿರಿ. ತನ್ನದೇ ಪುಸ್ತಕ ಬಂದವರ ಮನೆಯಲ್ಲಿ 1, ಬಾರದವರ ಮನೆಯಲ್ಲಿ 0 ಬರೆಯಿರಿ. ಹೀಗೆ 1 ಅಥವಾ 0 ಮಾತ್ರ ಆಗುವ ಸಂಖ್ಯೆಗೆ ಸೂಚಕ ಚರ ಎನ್ನುತ್ತಾರೆ.

ಅಡ್ಡಸಾಲುಗಳನ್ನು ಕೂಡಲು ಹೋದರೆ ತಲೆ ಕೆಡುತ್ತದೆ: ಒಂದರಲ್ಲಿ 4, ಕೆಲವದರಲ್ಲಿ 2 ಅಥವಾ 1, ಹಲವದರಲ್ಲಿ ಸೊನ್ನೆ. ಕಂಬಸಾಲನ್ನು ನೋಡಿ. ಗೀತಾಳ ಪುಸ್ತಕ ಗೀತಾಳಿಗೇ ಹೋದರೆ ಉಳಿದ ಮೂರನ್ನು 6 ಬಗೆಯಲ್ಲಿ ಹಂಚಬಹುದು. ಹಾಗಾಗಿ ಅವಳ ಸಾಲಿನಲ್ಲಿ ಆರು 1ಗಳು. ಉಳಿದವರದ್ದೂ ಅಷ್ಟೇ. ಒಟ್ಟು 24, ಅದನ್ನು 24 ಬಗೆಗಳಿಂದ ಭಾಗಿಸಿದರೆ 1. ನಲವತ್ತು ಮಕ್ಕಳಾದರೆ ಪ್ರತಿ ಮಗುವಿನ ಪಾಲು ನಲವತ್ತರಲ್ಲೊಂದು, ಅಂಥ ಪಾಲು ನಲವತ್ತು.

ಇಲ್ಲೊಂದು ಅನುಮಾನ ಬರಬೇಕು. ಮೂವರಿಗೆ ತಮ್ಮದು ಸಿಕ್ಕಿದರೆ ನಾಲ್ಕನೆಯವನಿಗೂ ತನ್ನದೇ ಸಿಗಲೇಬೇಕು. ಒಬ್ಬರ ಅದೃಷ್ಟ ಇನ್ನೊಬ್ಬರದಕ್ಕೆ ಕಟ್ಟಿಬಿದ್ದಿದೆ. ಅದನ್ನು ಲೆಕ್ಕಕ್ಕೆ ಹಿಡಿಯುವುದು ಬೇಡವೇ? ಸರಾಸರಿಗೆ ಬೇಡ. ಒಂದು ಕಂಬಸಾಲನ್ನು ಕೂಡುವಾಗ ಪಕ್ಕದ್ದರಲ್ಲಿ ಏನಿದೆ ಎಂದು ಯಾರೂ ನೋಡುವುದಿಲ್ಲ. ಈ ವಿಧಾನದ ಶಕ್ತಿಯೆಲ್ಲ ಇರುವುದು ಇಲ್ಲೇ.

ಆದರೆ ಸರಾಸರಿ ಒಂದು ಎಂದಮಾತ್ರಕ್ಕೆ ಪ್ರತಿ ಸಲವೂ ಒಬ್ಬರಿಗಾದರೂ ಸಿಗುತ್ತದೆ ಎಂದು ತಿಳಿಯಬಾರದು. ನಮ್ಮ 24ರಲ್ಲಿ 9 ಬಗೆಗಳಲ್ಲಿ ಯಾರಿಗೂ ತಮ್ಮದು ಸಿಗುವುದಿಲ್ಲ. 1708ರಲ್ಲಿ ಫ್ರಾನ್ಸಿನ ಪಿಯೆರ್ ದ ಮೊಂಮೋರ್ ಹದಿಮೂರು ಎಲೆಗಳ ಇಸ್ಪೀಟಾಟವೊಂದರ ಬಗ್ಗೆ ಕೇಳಿದ್ದು ಇದೇ ಬೇರೆ ಪ್ರಶ್ನೆ: ಒಂದಾದರೂ ಹೊಂದುವ ಸಂಭವ ಎಷ್ಟು? ಅದಕ್ಕೆ ಕಂಬಸಾಲುಗಳನ್ನು ಬಿಡಿಬಿಡಿಯಾಗಿ ನೋಡಿದರೆ ಸಾಲದು, ಜೊತೆಜೊತೆಯಾಗಿ ನೋಡಬೇಕು.

ಎರಡು ಪ್ರಶ್ನೆಗಳ ಅಂತರ ಕಣ್ಣಿಗೆ ಕಟ್ಟಬೇಕೆಂದರೆ ಪುಸ್ತಕಗಳನ್ನು ಕಲಸದೇ ಇರಿ. ಮಕ್ಕಳನ್ನು ವೃತ್ತಾಕಾರವಾಗಿ ಕೂರಿಸಿ, 1ರಿಂದ 40ರವರೆಗಿನ ಚೀಟಿ ಎತ್ತಿ, ಬಂದಷ್ಟು ಮನೆ ಎಲ್ಲ ಪುಸ್ತಕಗಳನ್ನೂ ಒಟ್ಟಿಗೆ ಮುಂದೆ ಸಾಗಿಸಿ. 40 ಬಂದರೆ ಎಲ್ಲರಿಗೂ ತಮ್ಮದೇ, ಬೇರೆ ಯಾವುದು ಬಂದರೂ ಒಬ್ಬರಿಗೂ ಇಲ್ಲ. ಆಗಲೂ ಪ್ರತಿ ಮಗುವಿನ ಪಾಲು ನಲವತ್ತರಲ್ಲೊಂದೇ, ಸರಾಸರಿ ಒಂದೇ.